ಭಂಗಿ ಉಳಿಯಿತು, ಮುಖ ಹೋಯಿತು

ಒಂದು ಫೋಟೊ ಕೊಟ್ಟು, ಅದನ್ನು ಜಲವರ್ಣ ಚಿತ್ರವಾಗಿ ಬದಲಿಸುವಂತೆ ಸ್ಟೇಬಲ್ ಡಿಫ್ಯೂಷನ್ ಮಾದರಿಯನ್ನು ಕೇಳುವಾಗ strength ಎಂಬ ಅಂಕಿಯೊಂದನ್ನು ಆರಿಸಬೇಕಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಅದರ ಹೆಸರು Denoising strength. ಸೊನ್ನೆಯಿಂದ ಒಂದರವರೆಗೆ ಅದನ್ನು ಸರಿಸಬಹುದು. 0.5 ಎಂದರೆ ಅರ್ಧ ಹಳೆಯ ಫೋಟೊ, ಅರ್ಧ ಹೊಸ ಚಿತ್ರ ಎಂದು ಭಾವಿಸುವುದು ಸಹಜ. ಆದರೆ ಆ ಅಂಕಿ ಹೋಲಿಕೆಯನ್ನು ಅಳೆಯುವುದೇ ಇಲ್ಲ. ಫೋಟೊದ ಮೇಲೆ ಎಷ್ಟು ಗದ್ದಲ ಸುರಿದು ಕೆಲಸ ಶುರುಮಾಡಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಗದ್ದಲವೆಂದರೆ ಸಿಗ್ನಲ್ ತಪ್ಪಿದ ಹಳೆಯ ಟಿ.ವಿ. ಪರದೆಯ ಮೇಲೆ ಕುಣಿಯುವ ಚುಕ್ಕಿಗಳಂಥದ್ದು. ಅದರಲ್ಲಿ ಚಿತ್ರದ ಎಲ್ಲ ಅಂಶಗಳೂ ಒಟ್ಟಿಗೆ ಮುಳುಗುವುದಿಲ್ಲ. ಮುಖದ ಗುರುತು ಬೇಗ ಮುಳುಗುತ್ತದೆ, ಭಂಗಿ ಬಹಳ ಹೊತ್ತು ತೇಲುತ್ತದೆ. ಫೋಟೊವನ್ನು ಅನುಸರಿಸಿದಂತೆ ಕಾಣುವ ಚಿತ್ರದಲ್ಲಿ ಬೇರೆಯವರ ಮುಖ ಕೂತಿರುವುದಕ್ಕೆ ಇದೇ ಕಾರಣ.

ಈ ಮಾದರಿಗೆ ತರಬೇತಿ ಕೊಡುವಾಗ ಚಿತ್ರಗಳಿಗೆ ಸಾವಿರ ಮಟ್ಟಗಳಲ್ಲಿ ಗದ್ದಲ ಬೆರೆಸಿ, ಬೆರೆಸಿದ್ದನ್ನು ಗುರುತಿಸಿ ತೆಗೆಯುವುದನ್ನು ಕಲಿಸಿರುತ್ತಾರೆ. ಬರೀ ಪಠ್ಯದಿಂದ ಚಿತ್ರ ಮಾಡುವಾಗ ಅದು ಪೂರ್ತಿ ಗದ್ದಲದಿಂದ ಆರಂಭಿಸಿ ಹೆಜ್ಜೆಹೆಜ್ಜೆಯಾಗಿ ಶುದ್ಧ ಮಾಡುತ್ತದೆ. ಫೋಟೊ ಕೊಟ್ಟಾಗ ನಡುದಾರಿಯಿಂದ ಹೊರಡುತ್ತದೆ: 50 ಹೆಜ್ಜೆ ಕೇಳಿ strength ಅನ್ನು 0.6 ಇಟ್ಟರೆ ಮೊದಲ 20 ಹೆಜ್ಜೆಗಳನ್ನು ಬಿಟ್ಟು ಕೊನೆಯ 30ನ್ನು ಮಾತ್ರ ನಡೆಸುತ್ತದೆ. ಆದರೆ ಹೆಜ್ಜೆಗಳ ಲೆಕ್ಕ ಬೇರೆ, ಉಳಿಯುವ ಫೋಟೊದ ಲೆಕ್ಕ ಬೇರೆ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳ ಗದ್ದಲದ ಸೂತ್ರದಲ್ಲಿ ಲೆಕ್ಕ ಹಾಕಿದರೆ, 0.3ರಲ್ಲಿ ಫೋಟೊದ ತೂಕ ಸುಮಾರು 0.77, ಗದ್ದಲದ್ದು 0.64. ಅರ್ಧಕ್ಕೆ ಬಂದಾಗ ಫೋಟೊ 0.53ಕ್ಕೆ ಇಳಿದು ಗದ್ದಲ 0.85ಕ್ಕೆ ಏರಿರುತ್ತದೆ. 0.75ರಲ್ಲಿ ಫೋಟೊದ ತೂಕ 0.24 ಮಾತ್ರ. ಜನಪ್ರಿಯ ತಂತ್ರಾಂಶವೊಂದು ತಾನಾಗಿಯೇ ಇಟ್ಟುಕೊಡುವ ಅಂಕಿ ಇದೇ 0.75 ಎಂಬುದು ಗಮನಿಸಬೇಕಾದ ಮಾತು.

ಅರವತ್ತು ದಾಟಿದ ಮಹಿಳೆಯೊಬ್ಬರ ಎದೆಮಟ್ಟದ ಫೋಟೊ ತೆಗೆದುಕೊಳ್ಳಿ: ಮೂಗುತಿ, ಹಸಿರು ಸೀರೆ, ತುಸು ಓರೆಯಾಗಿ ತಿರುಗಿದ ತಲೆ. ಯಾವುದೇ ಸಹಜ ಚಿತ್ರದಲ್ಲಿ ಶಕ್ತಿಯ ಬಹುಪಾಲು ದೊಡ್ಡ ಆಕಾರಗಳಲ್ಲಿ ಇರುತ್ತದೆ. ಸೂಕ್ಷ್ಮ ವಿವರಗಳ ಪಾಲು ಅತ್ಯಲ್ಪ. ಗದ್ದಲವಾದರೋ ದೊಡ್ಡದು ಚಿಕ್ಕದೆನ್ನದೆ ಎಲ್ಲದರ ಮೇಲೂ ಸಮನಾಗಿ ಬೀಳುತ್ತದೆ. ಹಾಗಾಗಿ 0.3ರ ಆಸುಪಾಸಿನಲ್ಲಿ ಚರ್ಮದ ನವಿರು, ಕೂದಲ ಎಳೆಗಳು ಮಾತ್ರ ಬದಲಾಗುತ್ತವೆ, ಆ ಮಹಿಳೆಯನ್ನು ಗುರುತಿಸಬಹುದು. ಅರ್ಧದ ಹೊತ್ತಿಗೆ ರೆಪ್ಪೆಯ ಮಡಿಕೆ, ಮೂಗಿನ ತುದಿ, ತುಟಿಯ ಅಂಚು ಗದ್ದಲದಲ್ಲಿ ಕರಗಿರುತ್ತವೆ. ಆ ಜಾಗವನ್ನು ಮಾದರಿ ತಾನು ಕಂಡ ಲಕ್ಷಾಂತರ ಮುಖಗಳ ವಾಡಿಕೆಯಿಂದ ತುಂಬುತ್ತದೆ. ಮೂಗು ನೀಳವಾಗುತ್ತದೆ, ಸುಕ್ಕು ಮಾಯವಾಗುತ್ತದೆ. 0.75ರಲ್ಲೂ ಹಸಿರು ಸೀರೆ, ತಲೆಯ ಓರೆ ಹಾಗೇ ಇರಬಹುದು; ಮುಖ ಮಾತ್ರ ಯಾರದೋ. ನಾವು ಒಬ್ಬರನ್ನು ಗುರುತಿಸುವುದು ಸೀರೆಯಿಂದಲ್ಲ, ಕಣ್ಣು, ಮೂಗು, ತುಟಿಗಳಲ್ಲಿನ ಮಿಲಿಮೀಟರುಗಳ ಅಂತರದಿಂದ.

ಹಾಗಾದರೆ ಅಂಕಿಯನ್ನು ಸದಾ ಕೆಳಗೇ ಇಟ್ಟರಾಯಿತಲ್ಲ ಎಂಬ ಆಕ್ಷೇಪ ಬರುತ್ತದೆ. ಹಾಗೆ ಮಾಡಿದರೆ ಜಲವರ್ಣವೂ ಬರುವುದಿಲ್ಲ. ಕುಂಚದ ಹರವು ಮೂಡಲು ಅದೇ ಸೂಕ್ಷ್ಮ ವಿವರಗಳನ್ನು ಅಳಿಸಬೇಕು. ಇನ್ನೊಂದು ತೊಡಕೂ ಇದೆ. ಈ ಮಾದರಿ ನೇರವಾಗಿ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡದೆ, ಚಿತ್ರವನ್ನು ಉದ್ದಗಲಗಳಲ್ಲಿ ಎಂಟು ಪಟ್ಟು ಕುಗ್ಗಿಸಿಕೊಳ್ಳುತ್ತದೆ. ಮದುವೆಯ ಗುಂಪು ಫೋಟೊದಲ್ಲಿ 64 ಪಿಕ್ಸೆಲ್ ಎತ್ತರದ ಮುಖಕ್ಕೆ ಅಲ್ಲಿ ಸಿಗುವುದು ಎಂಟೇ ಚೌಕಗಳ ಎತ್ತರ. ಇಡೀ ಕಣ್ಣು ಒಂದೆರಡು ಚೌಕದಲ್ಲಿ ಅಡಗಬೇಕು. strength ಅನ್ನು ತೀರ ಕಡಿಮೆ ಮಾಡಿದರೂ ಇಂಥ ಮುಖ ಕೆಡುತ್ತದೆ. ಇದು ಅಂಕಿಯ ತಪ್ಪಲ್ಲ. ಮುಖದ ಭಾಗವನ್ನಷ್ಟೇ ಕತ್ತರಿಸಿ, ಹಿಗ್ಗಿಸಿ, ಪ್ರತ್ಯೇಕವಾಗಿ ಸಂಸ್ಕರಿಸಿ ಮತ್ತೆ ಕೂರಿಸುವುದೇ ಇದಕ್ಕೆ ಉಪಾಯ.

ಮುಖ ಗುರುತಿಸುವ ತಂತ್ರದಿಂದ ಚಹರೆಯ ಅಂಕಿಗಳನ್ನು ತೆಗೆದು ಮಾದರಿಗೆ ಒದಗಿಸುವ ಐಪಿ-ಅಡಾಪ್ಟರ್ ಫೇಸ್‌ಐಡಿಯಂಥ ಸಾಧನಗಳು ಬಂದಿರುವಾಗ ಈ ಚಿಂತೆ ಯಾಕೆ ಎಂದೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ, ಅವು ನೆರವಾಗುತ್ತವೆ ಕೂಡ. ಆದರೆ ಅವುಗಳ ಹುಟ್ಟೇ ನನ್ನ ವಾದಕ್ಕೆ ಸಾಕ್ಷಿ: ಗುರುತಿಗೆ ಬೇರೆಯದೇ ದಾರಿ ಬೇಕಾಯಿತು, ಏಕೆಂದರೆ strength ಗುರುತನ್ನೂ ಭಂಗಿಯನ್ನೂ ಬಿಡಿಸಿ ನೋಡಲಾರದು. ಒಂದು ಮಾದರಿಯಲ್ಲಿ ಪಳಗಿದ ಅಂಕಿ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಸ್ಟೇಬಲ್ ಡಿಫ್ಯೂಷನ್ 3ರ ಸಾಮಾನ್ಯ ಸೂತ್ರದಲ್ಲಿ ಅರ್ಧಕ್ಕೆ ಇಟ್ಟರೆ ಗದ್ದಲದ ಪಾಲು ಮುಕ್ಕಾಲಾಗುತ್ತದೆ. ಹೊಸ ಮಾದರಿ ಕೈಗೆ ಬಂದಾಗ seed ಅಂಕಿಯನ್ನೂ ಪಠ್ಯವನ್ನೂ ಬದಲಿಸದೆ, strength ಒಂದನ್ನೇ 0.2ರಿಂದ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ. ಪ್ರತಿ ಚಿತ್ರದಲ್ಲೂ ಬಟ್ಟೆ, ಭಂಗಿ, ಹಿನ್ನೆಲೆಗಳನ್ನು ಮುಚ್ಚಿ ಕಣ್ಣು, ಮೂಗು, ತುಟಿಗಳನ್ನಷ್ಟೇ ಮೂಲದೊಂದಿಗೆ ಹೋಲಿಸಿ ನೋಡಿ.