ಬಸುರಿಯ ಸಕ್ಕರೆಗೆ 140ರ ಗೆರೆ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಮುಂದೊಂದು ದಿನ ಇದು ಯಾರಿಗೋ ಬೇಕಾದೀತು ಎಂದು ಬರೆದದ್ದಲ್ಲ, ಅದು ವಾರ್ಡಿನ ಶಿಸ್ತು, ಅಷ್ಟೆ. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಆಸ್ಪತ್ರೆಯ ವೈದ್ಯರು ಆ ದಫ್ತರ ಹಿಡಿದು, ಅದರಲ್ಲಿದ್ದ ಮಕ್ಕಳನ್ನು ಹುಡುಕಿಕೊಂಡು ಹೊರಟರು. ಆ ಮಕ್ಕಳು ಆಗ ನಡುವಯಸ್ಸು ದಾಟುತ್ತಿದ್ದರು. ಐನೂರಕ್ಕೂ ಹೆಚ್ಚು ಜನ ಸಿಕ್ಕರು.

ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂಬುದು ಇಂಗ್ಲೆಂಡಿನಲ್ಲಿ ಆಗಲೇ ಕಂಡಿದ್ದ ಸಂಗತಿ. ಮೈಸೂರಿನಲ್ಲೂ ಹಾಗೇ ಇರಬಹುದು ಎಂದುಕೊಂಡಿದ್ದರು. ಹಾಗಿರಲಿಲ್ಲ. ಇಲ್ಲಿ ಸಕ್ಕರೆ ಕಾಯಿಲೆ ಬಂದವರಲ್ಲಿ ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿ ದುಂಡಗೆ ಇದ್ದವರೇ ಹೆಚ್ಚು. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಅದು ಕೂಸಿಗೂ ದಾಟುತ್ತದೆ, ಕೂಸಿನ ಇನ್ಸುಲಿನ್ ಹೆಚ್ಚುತ್ತದೆ, ಮೈಯಲ್ಲಿ ಕೊಬ್ಬು ಕೂರುತ್ತದೆ. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇ? ದಫ್ತರದಲ್ಲಿ ಉತ್ತರವಿಲ್ಲ. ಆ ಕಾಲದಲ್ಲಿ ಅದನ್ನು ಪರೀಕ್ಷಿಸುವ ಪದ್ಧತಿಯೇ ಇರಲಿಲ್ಲ.

ಪದ್ಧತಿ ಹುಟ್ಟಿದ್ದು 1964ರಲ್ಲಿ, ಬೋಸ್ಟನ್ನಿನಲ್ಲಿ. ಜಾನ್ ಓ'ಸಲಿವನ್ ಎಂಬ ವೈದ್ಯರು 752 ಗರ್ಭಿಣಿಯರಿಗೆ 100 ಗ್ರಾಂ ಗ್ಲೂಕೋಸ್ ಕುಡಿಸಿ, ಕುಡಿಯುವ ಮೊದಲೊಮ್ಮೆ, ಆಮೇಲೆ ಗಂಟೆಗೊಮ್ಮೆ ಮೂರು ಸಲ ರಕ್ತ ತೆಗೆದರು. ಸಂಖ್ಯಾಶಾಸ್ತ್ರಜ್ಞೆ ಕ್ಲೇರ್ ಮಹಾನ್ ಸರಾಸರಿಗಿಂತ ತೀರಾ ಮೇಲಿರುವ ಅಂಕಿಗಳನ್ನು ಗೆರೆಯಾಗಿ ಎಳೆದರು. ನಾಲ್ಕರಲ್ಲಿ ಎರಡು ಅಂಕಿ ಗೆರೆ ಮುಟ್ಟಿದರೆ ಮಾತ್ರ ಕಾಯಿಲೆ. ಒಂದು ಅಂಕಿ ಲ್ಯಾಬಿನ ತಪ್ಪೂ ಆಗಿರಬಹುದಲ್ಲ! ಆದರೆ ಆ ಗೆರೆ ಕೂಸಿಗಾಗಿ ಎಳೆದದ್ದಲ್ಲ. ಯಾವ ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬಂದೀತು ಎಂದು ತಿಳಿಯುವುದೇ ಅದರ ಗುರಿ.

ಆ ನಾಲ್ಕು ರಕ್ತದ ಪರೀಕ್ಷೆಯನ್ನೇ 1997-98ರಲ್ಲಿ ಮಿಷನ್ ಆಸ್ಪತ್ರೆಯ ಬಸುರಿಯರಿಗೆ ಮಾಡಿದರು. ಗೆರೆಗಳನ್ನು ಅಷ್ಟರಲ್ಲಿ ಹೊಸ ಲ್ಯಾಬ್ ವಿಧಾನಕ್ಕೆ ಹೊಂದಿಸಿ ತಿದ್ದಲಾಗಿತ್ತು. ನೂರಕ್ಕೆ ಸುಮಾರು ಆರು ಜನರಲ್ಲಿ ಸಕ್ಕರೆ ಸಿಕ್ಕಿತು. ಐದು ವರ್ಷದ ನಂತರ ಅದೇ ತಾಯಂದಿರನ್ನು ಕರೆದು ನೋಡಿದರೆ, ಬಸಿರಿನಲ್ಲಿ ಸಕ್ಕರೆ ಏರಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಕಾಯಿಲೆ ಕೂತುಬಿಟ್ಟಿತ್ತು. ಉಳಿದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಬೋಸ್ಟನ್ನಿನ ಗುರಿಗೆ ಮೈಸೂರಿನ ಹೆಂಗಸರು ಸಾಕ್ಷಿಯಾದರು.

ಮುಂದಿನ ಕಥೆ ಚೆನ್ನೈಯದು. ಆಂಧ್ರದ ನಮ್ಮ ರೊದ್ದಂ ಕಡೆಯ ಹೆಣ್ಣುಮಕ್ಕಳು ಇವತ್ತು ಕುಡಿಯುವ ಗ್ಲೂಕೋಸ್ ನೀರಿನ ಹಿಂದಿರುವುದು ಅದೇ. ಹಳ್ಳಿಯಿಂದ ಬರುವ ಬಸುರಿ ರಾತ್ರಿಯಿಡೀ ಉಪವಾಸವಿದ್ದು, ಬೆಳಿಗ್ಗೆ ಬಸ್ಸು ಹತ್ತಿ, ಮತ್ತೆ ಎರಡು ಮೂರು ಗಂಟೆ ಹಸಿದು ಕೂರಲಾರಳು, ಒಮ್ಮೆ ವಾಪಸ್ ಕಳಿಸಿದರೆ ಇನ್ನೊಮ್ಮೆ ಬರುವುದಿಲ್ಲ ಎಂದು ಡಾ. ವಿ. ಶೇಷಯ್ಯ ವಾದಿಸಿದರು. ಅವರು ಮುಂದಿಟ್ಟ ದಾರಿ ಸರಳ: ಉಂಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಗೆ ಒಂದೇ ಸಲ ನೋಡಿ, 140 ಮುಟ್ಟಿದರೆ ಕಾಯಿಲೆ ಎನ್ನಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಒಪ್ಪಿದ್ದು ಇದನ್ನೇ. ಬಸಿರು ತಿಳಿದು ಮೊದಲ ಸಲ ಬಂದಾಗ ಒಮ್ಮೆ, ಆಗ ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು, ಆಮೇಲೆ ಆದರೆ ಪರೀಕ್ಷೆ ಮುಂದುವರಿಸಬಹುದು.

ಜಗಳವೂ ಇಲ್ಲೇ ಹುಟ್ಟಿತು, ಅದೂ ಚೆನ್ನೈಯಲ್ಲೇ. ಡಾ. ವಿ. ಮೋಹನ್ ಅವರ ತಂಡ 2014ರಲ್ಲಿ ಅದೇ ಹೆಂಗಸರಿಗೆ ಉಂಡ ಮೇಲೊಮ್ಮೆ, ಉಪವಾಸದಲ್ಲೊಮ್ಮೆ ಪರೀಕ್ಷೆ ಮಾಡಿ, ಉಂಡ ಮೇಲಿನದು ಬಹಳ ಮಂದಿಯನ್ನು ಬಿಟ್ಟುಬಿಡುತ್ತದೆ ಎಂದು ತೋರಿಸಿತು. ಗೆರೆ ಎಲ್ಲಿರಬೇಕು ಎಂಬುದೂ ಪ್ರಶ್ನೆಯೇ. ಒಂಬತ್ತು ದೇಶಗಳ ದೊಡ್ಡ ಅಧ್ಯಯನವೊಂದು 2008ರಲ್ಲಿ ಬಂದಿತ್ತು. ಸಕ್ಕರೆ ಏರಿದಷ್ಟೂ ಅಪಾಯ ಏರುತ್ತದೆ, ಇಲ್ಲಿಂದಲೇ ಶುರು ಎನ್ನುವ ತಿರುವು ಎಲ್ಲೂ ಇಲ್ಲ ಎಂಬುದು ಅದರ ಸಾರ. ಹೀಗಾಗಿ ತಜ್ಞರು ಕೂತು ಗೆರೆಯನ್ನು ಒಪ್ಪಿಕೊಳ್ಳಬೇಕಾಯಿತು: ಉಪವಾಸದಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಯಾವುದಾದರೂ ಒಂದು ಮುಟ್ಟಿದರೂ ಸಾಕು. ಆ ಒಂಬತ್ತು ದೇಶಗಳಲ್ಲಿ ಭಾರತ ಇರಲಿಲ್ಲ.

ಉದಾಹರಣೆಗೆ ಒಬ್ಬಾಕೆಯ ಅಂಕಿ 96, 172, 134 ಎಂದುಕೊಳ್ಳಿ. ಮೂರು ರಕ್ತದ ಲೆಕ್ಕದಲ್ಲಿ ಉಪವಾಸದ 96 ಗೆರೆ ದಾಟಿದೆ, ಆಕೆಗೆ ಪಥ್ಯ ಶುರು. ಒಂದೇ ರಕ್ತದ ಲೆಕ್ಕದಲ್ಲಿ 134 ಸರಿಯಾಗಿದೆ, ಆಕೆ ಮನೆಗೆ. ಇನ್ನೊಬ್ಬಾಕೆಯದು 84, 165, 146 ಇದ್ದರೆ ತೀರ್ಪು ತಲೆಕೆಳಗು. ಸರಳ ಪರೀಕ್ಷೆ ಸಾವಿರಾರು ಜನರನ್ನು ತಲುಪಿದೆ, ಅದು ದೊಡ್ಡ ಗಳಿಕೆ. ಆದರೆ ಉಪವಾಸದ ಒಂದು ಹನಿ ರಕ್ತವನ್ನು ಬಿಟ್ಟುಕೊಟ್ಟದ್ದು ನನಗಿನ್ನೂ ನೋವಿನ ಸಂಗತಿ.

ಯಾವ ಗೆರೆ ಹಿಡಿದರೂ ಗಡಿಯಾರ ಕೆಟ್ಟರೆ ಎಲ್ಲ ಕೆಟ್ಟಿತು. ಎರಡು ಗಂಟೆಯನ್ನು ಮೊದಲ ಗುಟುಕಿನಿಂದ ಎಣಿಸಬೇಕು, ಲೋಟ ಖಾಲಿಯಾದಾಗಿನಿಂದಲ್ಲ. ನಡುವೆ ಪೇಟೆಗೆ ಹೋಗಿ ಬಂದರೆ ನಡಿಗೆಗೇ ಸಕ್ಕರೆ ಇಳಿಯುತ್ತದೆ, ಕೂತೇ ಇರಬೇಕು. ಉಪವಾಸದ ಪರೀಕ್ಷೆಯಾದರೆ ಹಿಂದಿನ ಮೂರು ದಿನ ಮುದ್ದೆ, ಅನ್ನ ಎಂದಿನಂತೆ ಉಣ್ಣಬೇಕು. ಹೆದರಿ ಅನ್ನ ಬಿಟ್ಟು ಬಂದವಳ ಮೈ ಒಮ್ಮೆಲೇ ಬಂದ ಗ್ಲೂಕೋಸಿಗೆ ತಡವಾಗಿ ಸ್ಪಂದಿಸಿ, ಇಲ್ಲದ ಕಾಯಿಲೆ ತೋರಿಸಬಹುದು. ರಕ್ತವನ್ನು ಟ್ಯೂಬಿನಲ್ಲಿ ಲ್ಯಾಬಿಗೆ ಕಳಿಸುವುದಾದರೆ ಇನ್ನೊಂದು ತೊಂದರೆ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ ಐದಾರರಷ್ಟು. ಬಿಸಿಲಿಗೆ ಇನ್ನೂ ಬೇಗ. ಬೂದು ಮುಚ್ಚಳದ ಟ್ಯೂಬಿನ ಫ್ಲೋರೈಡ್ ಕೂಡ ಅದನ್ನು ತಕ್ಷಣ ನಿಲ್ಲಿಸುವುದಿಲ್ಲ. 145 ಇದ್ದ ರಕ್ತ ಹಿಂದೂಪುರದ ಲ್ಯಾಬ್ ಮುಟ್ಟುವಷ್ಟರಲ್ಲಿ 137 ಆಗಿ, ಕಾಯಿಲೆಯೇ ಇಲ್ಲ ಎಂದಾದೀತು. ಅಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿದರೆ ಈ ಸೋರಿಕೆ ಇಲ್ಲ, ಆದರೆ ಆ ಯಂತ್ರದ ಅಂಕಿ ಹಲವು ಪಾಯಿಂಟು ಆಚೀಚೆ ಹೋಗುವುದರಿಂದ ಗೆರೆಯ ಪಕ್ಕದ 138, 141ಗಳನ್ನು ನಂಬುವುದು ಕಷ್ಟ.

ನಮ್ಮ ಕಡೆ ಇನ್ನೊಂದು ಪೆಟ್ಟು ತವರಿನದು. ಪಾವಗಡಕ್ಕೋ ಮಧುಗಿರಿಗೋ ಕೊಟ್ಟ ಮಗಳು ಏಳನೇ ತಿಂಗಳಿಗೆ ರೊದ್ದಂಗೆ ಬರುತ್ತಾಳೆ. ಎರಡನೇ ಪರೀಕ್ಷೆಯ ವಾರಗಳು ಮುಗಿಯುವುದೂ ಆಗಲೇ. ಅಲ್ಲಿ ಕರ್ನಾಟಕದ ತಾಯಿ ಕಾರ್ಡ್, ಇಲ್ಲಿ ಆಂಧ್ರದ ಪುಸ್ತಕ. ಅಲ್ಲಿ ಆಗಿರಬೇಕು ಎಂದು ಇಲ್ಲಿನವರು, ಇಲ್ಲಿ ಮಾಡಿಸುತ್ತಾರೆ ಎಂದು ಅಲ್ಲಿನವರು ಅಂದುಕೊಂಡರೆ ಪರೀಕ್ಷೆ ತಪ್ಪಿಯೇ ಹೋಗುತ್ತದೆ. ಅದಕ್ಕಿಂತ ಸುಲಭವಾಗಿ ತಪ್ಪುವುದು ಹೆರಿಗೆಯಾದ ಆರು ವಾರಕ್ಕೆ ಮಾಡಬೇಕಾದ ಪರೀಕ್ಷೆ. ಓ'ಸಲಿವನ್ ಹುಡುಕಿದ್ದು, ಮೈಸೂರಿನ 37 ಹೇಳಿದ್ದು ತಾಯಿಗೆ ಮುಂದೆ ಬರುವ ಕಾಯಿಲೆಯ ಬಗ್ಗೆಯೇ. ಬಸಿರಿನಲ್ಲಿ ಸಕ್ಕರೆ ಏರಿದ್ದ ಬಾಣಂತಿಗೆ ಆಗ ಉಪವಾಸದ ರಕ್ತ ತೆಗೆದು, ಮತ್ತೆ 75 ಗ್ರಾಂ ಕೊಟ್ಟು ಎರಡು ಗಂಟೆಗೆ ನೋಡಬೇಕು. ಉಪವಾಸದಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಕಾಯಿಲೆ ಉಳಿದಿದೆ ಎಂದರ್ಥ. ಎರಡು ಗಂಟೆಯದು 140ರಿಂದ 199ರ ನಡುವೆ ಇದ್ದರೆ ಕಾಯಿಲೆಯ ಅಂಚಿನಲ್ಲಿದ್ದಾಳೆ. ಕೂಸಿನ ಲಸಿಕೆಗೂ ಆರನೇ ವಾರವೇ. ಆ ದಿನ ಅವಳು ಹೇಗೂ ಬರುತ್ತಾಳೆ. ಬೆಳಿಗ್ಗೆ ಏನೂ ತಿನ್ನದೆ ಬಾ ಎಂದು ಹಿಂದಿನ ದಿನ ಆಶಾ ಕಾರ್ಯಕರ್ತೆ ಹೇಳಿಬಂದರೆ, ಕೂಸಿಗೆ ಸೂಜಿ ಹಾಕುವ ಜಾಗದಲ್ಲೇ ತಾಯಿಯ ಪರೀಕ್ಷೆಯೂ ಮುಗಿಯುತ್ತದೆ.