ನೋಡುಗರು ಎದ್ದುಹೋಗುವ ಸೆಕೆಂಡು

ಯೂಟ್ಯೂಬ್ ಅನಾಲಿಟಿಕ್ಸ್‌ನಿಂದ ಪ್ರತಿ ವಾರ ತಾನಾಗಿಯೇ ಇಳಿದುಬರುವ ಫೈಲಿನಲ್ಲಿ `elapsedVideoTimeRatio` ಎಂಬ ಕಾಲಂ ಇರುತ್ತದೆ. ವಿಡಿಯೊ ಎಷ್ಟೇ ಉದ್ದವಿರಲಿ, ಅದನ್ನು 0.01ರಿಂದ 1ರವರೆಗೆ ನೂರು ಭಾಗ ಮಾಡಿ, ಪ್ರತಿ ಭಾಗದಲ್ಲಿ ಎಷ್ಟು ಪಾಲು ನೋಡುಗರಿದ್ದರು ಎಂದು ಪಕ್ಕದ `audienceWatchRatio` ಹೇಳುತ್ತದೆ. ಎಡವುವುದು ಇಲ್ಲೇ.

ಹತ್ತು ನಿಮಿಷದ ಅಡುಗೆ ವಿಡಿಯೊದ ಗೆರೆ 0.40ರಲ್ಲಿ ಕುಸಿದಿದೆ, ಐದು ನಿಮಿಷದ್ದು 0.80ರಲ್ಲಿ ಎಂದುಕೊಳ್ಳಿ. ಚಿಕ್ಕದೇ ಗೆದ್ದಿತು ಅನ್ನಿಸುತ್ತದೆ. ಆದರೆ ಅನುಪಾತವನ್ನು ವಿಡಿಯೊದ ಒಟ್ಟು ಸೆಕೆಂಡಿನಿಂದ ಗುಣಿಸಿ: 600ರ 0.40 ಅಂದರೆ 240, 300ರ 0.80 ಕೂಡ 240. ಎರಡರಲ್ಲೂ ಜನ ನಾಲ್ಕನೇ ನಿಮಿಷಕ್ಕೇ ಎದ್ದಿದ್ದಾರೆ!

ಹಾಗಂತ ನಾಲ್ಕು ನಿಮಿಷಕ್ಕೇ ಕತ್ತರಿ ಹಾಕಬೇಡಿ. ಆ ಸೆಕೆಂಡಿಗೆ ಹೋಗಿ ವಿಡಿಯೊ ನೋಡಿ. ಒಗ್ಗರಣೆ ಮುಗಿದು ಮಾತು ಶುರುವಾಗಿದ್ದರೆ ತೆಗೆಯಬೇಕಾದದ್ದು ಮಾತು. ಅಡುಗೆಯೇ ಮುಗಿದಿದ್ದರೆ ವಿಡಿಯೊದ ಸರಿಯಾದ ಉದ್ದ ಅಷ್ಟೇ. ಮೊದಲ ಅರ್ಧ ನಿಮಿಷದ ಇಳಿತ ಬಹುತೇಕ ಎಲ್ಲ ವಿಡಿಯೊಗಳಲ್ಲೂ ಇರುವಂಥದ್ದು, ಉದ್ದ ನಿರ್ಧರಿಸಲು ಅದು ಬೇಡ. ಗೆರೆ ನಡುವೆ ಮೇಲೆದ್ದರೆ ಅಳತೆ ಹೇಳುವ ಜಾಗವನ್ನು ಜನ ಹಿಂದೆ ಸರಿಸಿ ಮತ್ತೆ ನೋಡಿರಬಹುದು. ಒಂದೇ ಭಾಗವನ್ನು ಮತ್ತೆ ಮತ್ತೆ ನೋಡಿದರೆ ಅನುಪಾತ 1ನ್ನೂ ದಾಟುತ್ತದೆ.

ಬೆರಳೆಣಿಕೆಯ ವೀಕ್ಷಣೆಗಳಿರುವ ವಿಡಿಯೊದ ಗೆರೆ ವಾರವಾರವೂ ಅಲುಗಾಡುತ್ತದೆ. ಹಲವು ವಾರಗಳ ಫೈಲುಗಳಲ್ಲಿ ಕುಸಿತ ಅದೇ ಸೆಕೆಂಡಿನಲ್ಲಿ ನಿಂತ ಮೇಲೆಯೇ ಕತ್ತರಿಗೆ ಕೈಹಾಕಿ.