ಒಳ್ಳೆಯ ದಿನವೂ ಅಳತೆ, ಕೆಟ್ಟ ದಿನವೂ ಅಳತೆ: ಫೈಬ್ರೋಮಯಾಲ್ಜಿಯಾ ನೋವಿನಲ್ಲಿ ದುಡಿಮೆಯ ಹದ

ಮೈಯೆಲ್ಲ ನೋವು, ಎಷ್ಟು ಮಲಗಿದರೂ ತೀರದ ಆಯಾಸ, ಬೆಳಿಗ್ಗೆ ಏಳುವಾಗ ರಾತ್ರಿಯಿಡೀ ದುಡಿದಂತೆ ಬಿಗಿದ ಕೈಕಾಲು, ಹಿಡಿದ ಕೆಲಸ ಅರ್ಧಕ್ಕೇ ಮರೆತುಹೋಗುವ ಮಂಕು. ಮೂರು ತಿಂಗಳಿಗೂ ಹೆಚ್ಚು ಕಾಲ ಇವು ಬಿಡದೆ ಕಾಡುತ್ತಿದ್ದು, ಬೇರೆ ಕಾರಣಗಳನ್ನೆಲ್ಲ ಪರಿಶೀಲಿಸಿದ ಮೇಲೆ ವೈದ್ಯರು ಈ ಸ್ಥಿತಿಯನ್ನು ಫೈಬ್ರೋಮಯಾಲ್ಜಿಯಾ ಎಂದು ಗುರುತಿಸುತ್ತಾರೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ರಕ್ತಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಇದು ಕಾಣಿಸಿಕೊಳ್ಳುವುದಿಲ್ಲ. ಆದುದರಿಂದಲೇ ಮನೆಯವರು ಅನೇಕ ವೇಳೆ ಇದನ್ನು ನೆಪವೆಂದು ಭಾವಿಸುವುದುಂಟು. ಆದರೆ ನೋವು ನಿಜವಾದುದು. ಕೀಲಾಗಲಿ ಸ್ನಾಯುವಾಗಲಿ ಸವೆದು ಹುಟ್ಟಿದ ನೋವು ಇದಲ್ಲ. ನೋವಿನ ಸಂದೇಶವನ್ನು ಹೊರುವ ನರಮಂಡಲವೇ ಅತಿ ಸೂಕ್ಷ್ಮವಾಗಿ, ಸಣ್ಣ ಒತ್ತಡವನ್ನೂ ದೊಡ್ಡ ನೋವಾಗಿ ಗ್ರಹಿಸುತ್ತದೆ.

ಈ ಕಾಯಿಲೆಯ ಎಲ್ಲ ಮುಖಗಳನ್ನು ಇಲ್ಲಿ ವಿವರಿಸಲು ನಾವು ಹೊರಟಿಲ್ಲ. ನೋವು ಕಡಿಮೆಯಿರುವ ದಿನಗಳಲ್ಲಿ ಎಷ್ಟು ದುಡಿಯಬೇಕು, ನೋವು ಉಲ್ಬಣಿಸಿದ ದಿನಗಳಲ್ಲಿ ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಪೇಸಿಂಗ್ ಎಂದು ಕರೆಯುವ ಈ ಕ್ರಮವನ್ನು ನಾವು ದುಡಿಮೆಯ ಹದ ಎನ್ನೋಣ.

ಏರಿಳಿತದ ಸುಳಿ

ಈ ನೋವುಳ್ಳವರ ವಾರವನ್ನು ಗಮನಿಸಿದರೆ ಒಂದು ಸುಳಿ ಎದ್ದು ಕಾಣುತ್ತದೆ. ಒಂದು ಬೆಳಿಗ್ಗೆ ಮೈ ಹಗುರವಾಗಿರುತ್ತದೆ. ಕೂಡಲೇ ನಾಲ್ಕು ದಿನಗಳಿಂದ ಬಾಕಿ ಉಳಿದ ಕೆಲಸಗಳೆಲ್ಲ ನೆನಪಾಗುತ್ತವೆ. ಹಾಸಿಗೆ ಹೊದಿಕೆ ಒಗೆದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು, ಸಂಜೆ ಸಂತೆಗೂ ಹೋಗಿಬರುವುದಾಗುತ್ತದೆ. ಮರುದಿನವೋ ಅದರ ಮರುದಿನವೋ ಏಳಲಾರದಷ್ಟು ನೋವು ಬರುತ್ತದೆ. ಎರಡು ಮೂರು ದಿನ ಮಲಗಿಯೇ ಕಳೆಯಬೇಕಾಗುತ್ತದೆ. ಅಷ್ಟರಲ್ಲಿ ಕೆಲಸ ಮತ್ತೆ ರಾಶಿ ಬಿದ್ದಿರುತ್ತದೆ. ಮುಂದಿನ ಒಳ್ಳೆಯ ದಿನ ಅದರ ಮೇಲೆ ಮತ್ತೆ ಮುಗಿಬೀಳುವುದಾಗುತ್ತದೆ.

ಈ ಸುಳಿ ಎರಡು ಕಡೆಯಿಂದಲೂ ಹಾನಿ ಮಾಡುತ್ತದೆ. ಅತಿ ದುಡಿಮೆ ಸೂಕ್ಷ್ಮವಾದ ನರಮಂಡಲವನ್ನು ಇನ್ನಷ್ಟು ಕೆರಳಿಸುತ್ತದೆ. ಅತಿ ವಿಶ್ರಾಂತಿಯಿಂದ ಸ್ನಾಯುಗಳ ಬಲ ಕುಂದಿ, ಹಿಂದೆ ಸುಲಭವಾಗಿದ್ದ ಕೆಲಸವೂ ಭಾರವಾಗುತ್ತದೆ. ಹೀಗೆ ತಿಂಗಳುಗಳು ಉರುಳಿದಂತೆ ಒಳ್ಳೆಯ ದಿನದ ಶಕ್ತಿಯೂ ಕುಗ್ಗುತ್ತ ಹೋಗುತ್ತದೆ.

“ನೋವು ಬಂದಾಗ ನಿಲ್ಲಿಸಿದರಾಯಿತು” ಎಂದು ಹಲವರು ಹೇಳುವರು. ಈ ಕಾಯಿಲೆಯಲ್ಲಿ ಆ ಸೂತ್ರ ಫಲಿಸುವುದಿಲ್ಲ. ದುಡಿಮೆಯ ನೋವು ಅನೇಕ ವೇಳೆ ತಡವಾಗಿ ಬರುತ್ತದೆ. ಕೆಲಸ ಮಾಡುವಾಗ ಮೈ ಸುಮ್ಮನಿದ್ದು, ಲೆಕ್ಕವನ್ನು ಮರುದಿನ ಒಪ್ಪಿಸುತ್ತದೆ. ನೋವನ್ನೇ ಗಡಿಯಾರವಾಗಿಸಿಕೊಂಡವರು ಮಿತಿಯನ್ನು ದಾಟಿದ ಮೇಲೆಯೇ ನಿಲ್ಲುತ್ತಾರೆ. ಆದುದರಿಂದ ನಿಜವಾದ ಗಡಿಯಾರವನ್ನೇ ನೋಡಿ ನಿಲ್ಲಬೇಕು. ದೀರ್ಘಕಾಲದ ನೋವಿನಲ್ಲಿ ವಿಶ್ರಾಂತಿ ಮತ್ತು ಕೆಲಸಗಳನ್ನು ನೋವಿಗೆ ಕಟ್ಟಿಹಾಕದೆ, ಮೊದಲೇ ಗೊತ್ತುಮಾಡಿದ ಅಳತೆಗೆ ಕಟ್ಟಬೇಕೆಂಬ ವಿಚಾರವನ್ನು ಅಮೆರಿಕದ ಮನೋವಿಜ್ಞಾನಿ ವಿಲ್ಬರ್ಟ್ ಫೋರ್ಡೈಸ್ ಅವರು 1976ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇಂದಿನ ಪೇಸಿಂಗ್ ಕ್ರಮಕ್ಕೆ ಅದು ಒಂದು ಮುಖ್ಯ ಮೂಲ.

ನಿತ್ಯದ ಅಳತೆಯನ್ನು ಕಂಡುಕೊಳ್ಳುವ ಬಗೆ

ಒಂದು ಉದಾಹರಣೆಯ ಮೂಲಕ ಈ ಕ್ರಮವನ್ನು ನೋಡೋಣ. ಐದು ಜನರ ಮನೆಯಲ್ಲಿ ದಿನವೂ ಜೋಳದ ರೊಟ್ಟಿ ಬಡಿಯುವ, ನಲವತ್ತೆಂಟು ವರ್ಷದ ತಾಯಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳೋಣ. ಹಿಟ್ಟು ನಾದುವುದು, ಬಡಿಯುವುದು, ಹಂಚಿನ ಮುಂದೆ ಬಾಗುವುದು ಇವೆಲ್ಲ ಹೆಗಲು, ಕುತ್ತಿಗೆ, ಸೊಂಟಗಳಿಗೆ ಭಾರವಾದ ಕೆಲಸ.

ಮೊದಲು ಆ ತಾಯಿ ಆರು ದಿನಗಳ ಲೆಕ್ಕ ಬರೆದಿಡಬೇಕು. ರೊಟ್ಟಿಗೆ ಕುಳಿತ ಮೇಲೆ ನೋವು ಸ್ಪಷ್ಟವಾಗಿ ಏರತೊಡಗುವವರೆಗೆ ಎಷ್ಟು ನಿಮಿಷ ಕಳೆಯಿತು ಎಂಬುದಷ್ಟೇ ಸಾಕು. ಈ ಆರು ದಿನಗಳಲ್ಲಿ ಒಳ್ಳೆಯವೂ ಕೆಟ್ಟವೂ ಇರಬೇಕು. ಒಳ್ಳೆಯ ಮೂರು ದಿನಗಳಲ್ಲಿ 40, 35, 45 ನಿಮಿಷಗಳೂ ಕೆಟ್ಟ ಮೂರು ದಿನಗಳಲ್ಲಿ 10, 15, 5 ನಿಮಿಷಗಳೂ ಬಂದವೆನ್ನೋಣ. ಒಟ್ಟು 150, ಆರರಿಂದ ಭಾಗಿಸಿದರೆ ಸರಾಸರಿ 25 ನಿಮಿಷ. ಇದರಲ್ಲಿ ಐದನೆಯ ಒಂದು ಭಾಗವನ್ನು ಕಳೆದರೆ ಉಳಿಯುವುದು 20 ನಿಮಿಷ. ಇದೇ ಅವರ ನಿತ್ಯದ ಅಳತೆ.

ಈ 20 ನಿಮಿಷಗಳನ್ನೂ ಒಂದೇ ಬಾರಿಗೆ ಮುಗಿಸಬಾರದು. ಹತ್ತು ನಿಮಿಷ ಬಡಿದು, ಹತ್ತು ನಿಮಿಷ ಬಿಡುವು ಪಡೆದು, ಮತ್ತೆ ಹತ್ತು ನಿಮಿಷ ಬಡಿಯಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ಅದು ಬಾರಿಸಿದೊಡನೆ ಕೈಯಲ್ಲಿರುವ ರೊಟ್ಟಿಯೊಂದನ್ನು ಮುಗಿಸಿ ಏಳಬೇಕು. ನೋವಿಲ್ಲ ಎಂದು ಮುಂದುವರಿಸುವ ಆಸೆ ಹುಟ್ಟುವುದು ಇಲ್ಲಿಯೇ. ನೋವು ಬರುವ ಮುನ್ನ ನಿಲ್ಲುವುದೇ ಈ ಕ್ರಮದ ತಿರುಳು. ಉಳಿದ ರೊಟ್ಟಿಗಳನ್ನು ಸೊಸೆಯೋ ಮಗನೋ ಮುಗಿಸಬೇಕಾಗುತ್ತದೆ. ಈ ಲೆಕ್ಕವನ್ನು ಮನೆಯವರ ಮುಂದೆ ಮೊದಲೇ ಇಟ್ಟಿದ್ದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಬಿಡುವೆಂದರೆ ಬೇರೆ ಕೆಲಸಕ್ಕೆ ಕೈಹಾಕುವುದಲ್ಲ, ಮೊಬೈಲು ನೋಡುವುದೂ ಅಲ್ಲ. ಬೆನ್ನಿಗೆ ಆನಿಕೆ ಕೊಟ್ಟು ಅಥವಾ ಚಾಪೆಯ ಮೇಲೆ ಅಂಗಾತ ಮಲಗಿ, ಹೆಗಲನ್ನು ಸಡಿಲ ಬಿಟ್ಟು, ನಿಧಾನವಾಗಿ ಉಸಿರಾಡುವುದು. ಹಗಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿದ್ರಿಸಿದರೆ ರಾತ್ರಿಯ ನಿದ್ರೆ ಕೆಡುವುದುಂಟು. ನಿದ್ರೆ ಕೆಟ್ಟರೆ ನೋವು ಹೆಚ್ಚುತ್ತದೆ.

ನಡಿಗೆ, ಬಟ್ಟೆ ಒಗೆಯುವುದು, ಕುಳಿತು ಲೆಕ್ಕ ಬರೆಯುವುದು, ನೆಲದ ಮೇಲೆ ಕಾಲು ಮಡಿಸಿ ಕೂಡುವುದು ಇವಕ್ಕೂ ಪ್ರತ್ಯೇಕವಾಗಿ ಇದೇ ರೀತಿ ಅಳತೆ ಕಂಡುಕೊಳ್ಳಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೋಗದೆ, ಅತ್ಯಂತ ತೊಂದರೆ ಕೊಡುವ ಒಂದೆರಡು ಕೆಲಸಗಳಿಂದ ಆರಂಭಿಸುವುದು ಲೇಸು. ಕೈಯ ಕೆಲಸದ ನಂತರ ಕಾಲಿನ ಕೆಲಸ, ಅದರ ನಂತರ ಕುಳಿತು ಮಾಡುವ ಕೆಲಸ ಎಂದು ಸರದಿ ಹಾಕಿಕೊಂಡರೆ ಒಂದೇ ಅಂಗದ ಮೇಲೆ ಭಾರ ಬೀಳುವುದಿಲ್ಲ.

ಒಳ್ಳೆಯ ದಿನ

ನಾವು ಕಂಡಂತೆ ಈ ಕ್ರಮ ಮುರಿದುಬೀಳುವುದು ಕೆಟ್ಟ ದಿನದಲ್ಲಿ ಅಲ್ಲ, ಒಳ್ಳೆಯ ದಿನದಲ್ಲಿ. ಮೈ ಹಗುರವಾಗಿರುವಾಗ 20 ನಿಮಿಷಕ್ಕೆ ಎದ್ದುಬಿಡುವುದು ಸೋಮಾರಿತನವೆಂದು ತೋರುತ್ತದೆ. ಆದರೆ ಅಂದು ಉಳಿಸಿದ ಶಕ್ತಿಯೇ ಮರುದಿನವನ್ನು ಕಾಯುತ್ತದೆ. ಉದಾಹರಣೆಯ ತಾಯಿ ಒಳ್ಳೆಯ ದಿನ ಹೆಚ್ಚು ಹೊತ್ತು ದುಡಿಯದೆ, ಅದೇ 20 ನಿಮಿಷದೊಳಗೆ ಬಡಿದ ರೊಟ್ಟಿಗಳಲ್ಲಿ ಎರಡು ಮೂರನ್ನು ಖಡಕ್ ಮಾಡಿ ಎತ್ತಿಡಬಹುದು. ಖಡಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲವಾದುದರಿಂದ ಕೆಟ್ಟ ದಿನಕ್ಕೆ ಅದು ಒದಗುತ್ತದೆ. ಒಂದೇ ದಿನ ಐವತ್ತು ಖಡಕ್ ರೊಟ್ಟಿ ಬಡಿದಿಡುತ್ತೇನೆಂದು ಕುಳಿತರೆ ಮಾತ್ರ ಹಳೆಯ ಸುಳಿಗೇ ಮರಳಿದಂತೆ.

ಎರಡು ವಾರ ಒಳ್ಳೆಯ ದಿನ, ಸಾಧಾರಣ ದಿನ ಎನ್ನದೆ ಅಳತೆಯನ್ನು ಪಾಲಿಸಲು ಸಾಧ್ಯವಾದರೆ ಹತ್ತನೆಯ ಒಂದು ಭಾಗದಷ್ಟು, ಅಂದರೆ 2 ನಿಮಿಷ, ಹೆಚ್ಚಿಸಬಹುದು. ಹೀಗೆ ಎರಡು ವಾರಕ್ಕೊಮ್ಮೆ ಏರುತ್ತ ಹೋದರೆ ಹತ್ತು ವಾರಗಳಿಗೆ ಅವರು 30 ನಿಮಿಷಕ್ಕೆ ತಲುಪುತ್ತಾರೆ. ನಡುವೆ ಉಲ್ಬಣ ಬಂದರೆ ಇನ್ನಷ್ಟು ಕಾಲ ಹಿಡಿಯುತ್ತದೆ. ಏರಿಕೆಯ ನಿರ್ಧಾರವನ್ನು ಎರಡು ವಾರಗಳ ಲೆಕ್ಕ ನೋಡಿ ಮಾಡಬೇಕೇ ಹೊರತು ಅಂದಿನ ಹುಮ್ಮಸ್ಸನ್ನು ನೋಡಿ ಅಲ್ಲ.

ಕೆಟ್ಟ ದಿನ

ಉಲ್ಬಣಕ್ಕೆ ಅತಿ ದುಡಿಮೆಯೊಂದೇ ಕಾರಣವಲ್ಲ. ನಿದ್ದೆಗೇಡು, ಜ್ವರ ನೆಗಡಿ, ಮನೆಯ ಚಿಂತೆ ಇವುಗಳಿಂದಲೂ ಅದು ಬರುತ್ತದೆ. ಕೆಲವೊಮ್ಮೆ ಕಾರಣವೇ ತಿಳಿಯುವುದಿಲ್ಲ. ಅಂತಹ ದಿನ ಎಲ್ಲವನ್ನೂ ನಿಲ್ಲಿಸಿ ಮಲಗುವುದು ಬೇಡ. ಅಳತೆಯನ್ನು ಅರ್ಧಕ್ಕೆ ಇಳಿಸಬೇಕು. ಆ ತಾಯಿ ಐದೈದು ನಿಮಿಷಗಳ ಎರಡು ಸರದಿಗಳಲ್ಲಿ ಹತ್ತು ನಿಮಿಷವಷ್ಟೇ ರೊಟ್ಟಿ ಬಡಿಯಬಹುದು. ಅದೂ ಆಗದಿದ್ದರೆ ಕುಳಿತು ಸೊಪ್ಪು ಬಿಡಿಸುವಂತಹ ಹಗುರ ಕೆಲಸ ಮಾಡಬಹುದು. ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯುವುದು, ಬಿಸಿನೀರಿನ ಸ್ನಾನ, ಕೈಕಾಲುಗಳನ್ನು ಮೆಲ್ಲಗೆ ಚಾಚಿ ಮಡಿಸುವುದು ಇವನ್ನು ಬಿಡಬಾರದು.

ನೋವು ತಗ್ಗಿದ ಮೊದಲ ದಿನವೇ ಪೂರ್ಣ ಅಳತೆಗೆ ಜಿಗಿಯಬಾರದು. 10 ನಿಮಿಷದಿಂದ 15ಕ್ಕೆ ಬಂದು, ಅಲ್ಲಿ ಎರಡು ದಿನ ನಿಂತು, ಬಳಿಕ 20ಕ್ಕೆ ಬರಬೇಕು. ಜಾತ್ರೆ, ಮದುವೆಗಳಂತಹ ಮೊದಲೇ ಗೊತ್ತಿರುವ ಶ್ರಮಕ್ಕೂ ಹೀಗೆಯೇ ಸಿದ್ಧರಾಗಬೇಕು. ಹಿಂದಿನ ದಿನವೂ ಮುಂದಿನ ದಿನವೂ ಹಗುರವಾಗಿರಲಿ. ದಾಸೋಹದ ಸೇವೆಗೆ ನಿಲ್ಲುವವರು ನಿಂತು ಬಡಿಸುವ ಕೆಲಸದ ಬದಲು ಕುಳಿತು ತರಕಾರಿ ಹೆಚ್ಚುವ ಸರದಿಯನ್ನು, ಅದೂ ಸಮಯ ಗೊತ್ತುಮಾಡಿಕೊಂಡು, ಕೇಳಿ ಪಡೆಯಬಹುದು.

ತಪ್ಪುತ್ತಿದೆಯೆಂದು ತಿಳಿಯುವುದು ಹೇಗೆ?

ಅಳತೆ ಮುಗಿಸಿದ ಮರುದಿನ ಪ್ರತಿ ಬಾರಿಯೂ ನೋವು ಏರುತ್ತಿದ್ದರೆ ಅಳತೆ ಹೆಚ್ಚಾಗಿದೆ. ಇನ್ನೂ ಐದನೆಯ ಒಂದು ಭಾಗ ಇಳಿಸಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನೋವು ಬಂದೀತೆಂಬ ಅಂಜಿಕೆಯಿಂದ ವಾರವಾರಕ್ಕೆ ಕೆಲಸ ಕಡಿಮೆಯಾಗುತ್ತ, ಬಿಡುವು ಹೆಚ್ಚುತ್ತ ಹೋಗುವುದು. ಬರೆದಿಟ್ಟ ಲೆಕ್ಕದಲ್ಲಿ ನಿಮಿಷಗಳು ಇಳಿಯುತ್ತಲೇ ಇದ್ದರೆ ಅದು ಹದವಲ್ಲ, ಹಿಂಜರಿಕೆ.

ಈ ಕ್ರಮದಿಂದ ನೋವು ಪೂರ್ತಿ ಹೋಗುವುದಿಲ್ಲ. ಏರಿಳಿತಗಳು ಮೆತ್ತಗಾಗಿ, ನಾಳೆ ಏನು ಮಾಡಬಲ್ಲೆವೆಂಬುದು ಊಹೆಗೆ ನಿಲುಕುತ್ತದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಅತ್ಯಂತ ಬಲವಾಗಿ ಸೂಚಿಸಿದ್ದು ವ್ಯಾಯಾಮವನ್ನೇ. ಆದುದರಿಂದ ನಡಿಗೆಯನ್ನೂ ಇದೇ ಅಳತೆಯ ಕ್ರಮದಲ್ಲಿ ಸೇರಿಸಿಕೊಳ್ಳುವುದು ಅವಶ್ಯ.

ಒಂದು ಎಚ್ಚರಿಕೆಯಿದೆ. ಅಲ್ಪ ಶ್ರಮಕ್ಕೂ ಹಲವು ದಿನ ಕುಸಿದುಬೀಳುವಂತಹ ದೀರ್ಘ ಬಳಲಿಕೆಯ ಕಾಯಿಲೆಯೊಂದು ಬೇರೆಯೇ ಉಂಟು. ಅಂಥವರು ಗೊತ್ತಾದ ಪ್ರಮಾಣದಲ್ಲಿ ಕೆಲಸ ಏರಿಸುತ್ತ ಹೋಗಬಾರದು. ಕೀಲುಗಳು ಊದಿಕೊಂಡರೆ, ಬಿಡದ ಜ್ವರವಿದ್ದರೆ, ತೂಕ ಕಾರಣವಿಲ್ಲದೆ ಇಳಿದರೆ, ಕೈಕಾಲಿನಲ್ಲಿ ಹೊಸದಾಗಿ ಬಲ ಕುಂದಿದರೆ ಅದನ್ನು ಉಲ್ಬಣವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಕೊರತೆಯೂ ಇದೇ ಬಗೆಯ ನೋವು, ಆಯಾಸಗಳನ್ನು ತರಬಲ್ಲುದು. ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ. ಬರೆದಿಟ್ಟ ಲೆಕ್ಕದ ಪುಸ್ತಕವನ್ನೂ ವೈದ್ಯರ ಬಳಿಗೆ ಒಯ್ಯಿರಿ. ಪರೀಕ್ಷೆಗಳಲ್ಲಿ ಕಾಣದ ಈ ನೋವಿನ ಏರಿಳಿತ ಅವರಿಗೆ ಆ ಪುಟಗಳಲ್ಲಿ ಕಾಣಸಿಗುತ್ತದೆ.